ಕನ್ನಡ ಮತ್ತು ಇಂಗ್ಲಿಷ್ ವ್ಯಂಜನಗಳ ಹೋಲಿಕೆ: ಪರೀಕ್ಷೆಗೆ ಒಂದೇ ಹಾಳೆ ಸಿದ್ಧಪಡಿಸುವುದು ಹೇಗೆ?

ಭಾಷಾವಿಜ್ಞಾನದ ಪತ್ರಿಕೆ ಇರುವ ಬಿ.ಎ., ಎಂ.ಎ. ವಿದ್ಯಾರ್ಥಿಗಳು ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: ಕನ್ನಡದ ವ್ಯಂಜನಗಳನ್ನೂ ಇಂಗ್ಲಿಷಿನ ವ್ಯಂಜನಗಳನ್ನೂ ಹೋಲಿಸಿ ಬರೆಯುವ ಪ್ರಶ್ನೆಗೆ ಕೊನೇ ದಿನ ಏನನ್ನು ನೋಡಿಕೊಂಡು ಹೋಗಬೇಕು? ಹೆಚ್ಚಿನವರ ಕೈಯಲ್ಲಿ ಎರಡು ಪಟ್ಟಿ ಇರುತ್ತವೆ, ಒಂದು ಕನ್ನಡದ್ದು, ಇನ್ನೊಂದು ಇಂಗ್ಲಿಷಿನದು. ಎರಡನ್ನೂ ಅಕ್ಕಪಕ್ಕ ಬರೆದರೆ ಹೋಲಿಕೆ ಆಗುವುದಿಲ್ಲ. ಯಾವುದು ಎರಡರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ, ಇಲ್ಲದ ಧ್ವನಿಯ ಜಾಗದಲ್ಲಿ ಕಲಿಯುವವರು ಏನನ್ನು ಹಾಕುತ್ತಾರೆ, ಹಾಗೆ ಹಾಕಿದಾಗ ಪದಗಳ ನಡುವಿನ ವ್ಯತ್ಯಾಸ ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬ ನಾಲ್ಕು ವಿಷಯಗಳಿಗೆ ಹಾಳೆ ಉತ್ತರ ಕೊಡಬೇಕು. ಕೊನೆಯದನ್ನು ಬಹಳಷ್ಟು ಉತ್ತರಪತ್ರಿಕೆಗಳು ಮುಟ್ಟುವುದೇ ಇಲ್ಲ. ಅಂಕ ಇರುವುದು ಅಲ್ಲೇ.

ಬೇಕಾದದ್ದು ಇಷ್ಟೇ: ಒಂದು ಎ4 ಹಾಳೆ, ಎರಡು ಬಣ್ಣದ ಪೆನ್ನು, ನಿಮ್ಮ ವಿಭಾಗದವರು ಪಾಠ ಮಾಡಿದ ಪಠ್ಯ, ಮತ್ತು ಅಂತರರಾಷ್ಟ್ರೀಯ ಧ್ವನಿಲಿಪಿಯ (ಐಪಿಎ) ಚಿಹ್ನೆಗಳು. ಧ್ವನಿಮಾ ಎಂದರೆ ಒಂದು ಭಾಷೆಯಲ್ಲಿ ಪದದ ಅರ್ಥವನ್ನು ಬದಲಿಸಬಲ್ಲ ಧ್ವನಿಘಟಕ. ಅದನ್ನು ಓರೆಗೆರೆಗಳ ನಡುವೆ ಬರೆಯುತ್ತೇವೆ. ಉಪಧ್ವನಿ, ಅಂದರೆ ಅಲೋಫೋನ್, ಒಂದೇ ಧ್ವನಿಮಾ ಬೇರೆ ಬೇರೆ ಸಂದರ್ಭದಲ್ಲಿ ತಾಳುವ ರೂಪ. ಅದನ್ನು ಚೌಕ ಆವರಣದಲ್ಲಿ ಬರೆಯುತ್ತೇವೆ. ಈ ಎರಡು ಗುರುತುಗಳನ್ನು ಅದಲುಬದಲು ಮಾಡಿದರೆ ಉತ್ತರದ ಅರ್ಥವೇ ಬದಲಾಗುತ್ತದೆ.

1. ಯಾವ ಕನ್ನಡ, ಯಾವ ಇಂಗ್ಲಿಷ್ ಎಂದು ಮೊದಲ ಸಾಲಿನಲ್ಲೇ ಬರೆಯಿರಿ

ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಕಲಿಸುವುದು ಆರ್.ಪಿ. ಎಂದು ಕರೆಯುವ ಬ್ರಿಟಿಷ್ ಶಿಷ್ಟ ಉಚ್ಚಾರಣೆಯನ್ನು. ಅದರಲ್ಲಿ 24 ವ್ಯಂಜನ ಧ್ವನಿಮಾಗಳು. ಕನ್ನಡಕ್ಕೆ ಓದುಬರಹ ಬಲ್ಲವರ ಶಿಷ್ಟ ಕನ್ನಡವನ್ನು ಆಧಾರವಾಗಿ ಇಟ್ಟುಕೊಳ್ಳಿ. ಇದನ್ನು ಮೊದಲೇ ಹೇಳದಿದ್ದರೆ ನೀವು ಕೊಡುವ ಯಾವ ಸಂಖ್ಯೆಯನ್ನೂ ಸಮರ್ಥಿಸಲು ಆಗುವುದಿಲ್ಲ, ಯಾಕೆಂದರೆ ಕನ್ನಡದ ಎಣಿಕೆ ಆಧಾರ ಬದಲಾದಂತೆ ಬದಲಾಗುತ್ತದೆ. ಮಹಾಪ್ರಾಣ ಇಲ್ಲದ ಆಡುಮಾತನ್ನು ಹಿಡಿದರೆ ಹತ್ತು ಧ್ವನಿಮಾಗಳು ಒಮ್ಮೆಲೇ ಕಡಿಮೆಯಾಗುತ್ತವೆ.

2. ಅಕ್ಷರ ಎಣಿಸಬೇಡಿ, ಧ್ವನಿಮಾ ಎಣಿಸಿ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದು. ವರ್ಣಮಾಲೆಯಲ್ಲಿ ಕ ದಿಂದ ಮ ವರೆಗೆ 25 ವರ್ಗೀಯ ವ್ಯಂಜನ, ಯ ದಿಂದ ಳ ವರೆಗೆ 9 ಅವರ್ಗೀಯ ವ್ಯಂಜನ, ಒಟ್ಟು 34. ಇದನ್ನೇ "ಕನ್ನಡದ ವ್ಯಂಜನ ಧ್ವನಿಮಾಗಳು 34" ಎಂದು ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ವ್ಯಂಜನಾಕ್ಷರ 21 ಇದ್ದೂ ಧ್ವನಿಮಾ 24 ಇರುವಾಗ, ಕನ್ನಡದಲ್ಲಿ ಮಾತ್ರ ಅಕ್ಷರವೂ ಧ್ವನಿಮಾವೂ ಒಂದೇ ಎಂದುಕೊಳ್ಳಲು ಕಾರಣವಿಲ್ಲ.

ಒಂದು ಧ್ವನಿ ಧ್ವನಿಮಾ ಹೌದೋ ಅಲ್ಲವೋ ಎಂದು ತಿಳಿಯಲು ಕನಿಷ್ಠ ಜೋಡಿ ಹುಡುಕಬೇಕು. ಒಂದೇ ಒಂದು ಧ್ವನಿಯಲ್ಲಿ ಬೇರೆಯಾಗಿ ಅರ್ಥವೂ ಬೇರೆಯಾಗುವ ಎರಡು ಪದಗಳೇ ಕನಿಷ್ಠ ಜೋಡಿ. ಮನೆ, ಮಣೆ ಎಂಬ ಜೋಡಿ ಸಿಕ್ಕಿದ್ದರಿಂದ ನ ಮತ್ತು ಣ ಬೇರೆ ಬೇರೆ ಧ್ವನಿಮಾಗಳು. ಹುಲಿ, ಹುಳಿ ಸಿಕ್ಕಿದ್ದರಿಂದ ಲ, ಳ ಬೇರೆ. ಒದೆ, ಒಡೆ ಸಿಕ್ಕಿದ್ದರಿಂದ ದ, ಡ ಬೇರೆ.

ಈಗ ಙ ಮತ್ತು ಞ ನೋಡಿ. ಅಂಕ, ಅಂಚು, ಅಂಟು, ಅಂತರ, ಅಂಬು ಎಂಬ ಐದು ಪದಗಳನ್ನು ನಿಧಾನವಾಗಿ ಉಚ್ಚರಿಸಿ. ಬರಹದಲ್ಲಿ ಐದಕ್ಕೂ ಒಂದೇ ಸೊನ್ನೆ. ಬಾಯಲ್ಲಿ ಮಾತ್ರ ಅದು ಮುಂದಿನ ವ್ಯಂಜನದ ಸ್ಥಾನಕ್ಕೆ ಹೊಂದಿಕೊಂಡು ಐದು ಬೇರೆ ಅನುನಾಸಿಕಗಳಾಗುತ್ತದೆ: [ŋ], [ɲ], [ɳ], ಹಲ್ಲಿಗೆ ತಾಗುವ [n̪], [m]. ಇವುಗಳಲ್ಲಿ ಮ, ನ, ಣ ಮೂರಕ್ಕೆ ಬೇರೆ ಕಡೆ ಕನಿಷ್ಠ ಜೋಡಿಗಳು ಸಿಗುತ್ತವೆ. ಙ, ಞ ಗಳಿಗೆ ಸಿಗುವುದಿಲ್ಲ. ವಾಙ್ಮಯದಂಥ ಬೆರಳೆಣಿಕೆಯ ಸಂಸ್ಕೃತ ಪದಗಳನ್ನು ಬಿಟ್ಟರೆ ಙ ಬರುವುದು ಕವರ್ಗದ ಹಿಂದೆ ಮಾತ್ರ. ಆದ್ದರಿಂದ ಅವೆರಡನ್ನು ಉಪಧ್ವನಿಗಳೆಂದು ತೆಗೆದರೆ 34ರಲ್ಲಿ ಉಳಿಯುವುದು 32. ನಿಮ್ಮ ಪಠ್ಯ ಶ, ಷ ಎರಡನ್ನೂ ಒಂದೇ ಎಂದು ಹಿಡಿದಿದ್ದರೆ 31 ಎಂದು ಬರೆಯಿರಿ; ಆಡುವಾಗ ಆ ಎರಡನ್ನು ಬೇರೆಯಾಗಿ ಉಳಿಸಿಕೊಳ್ಳುವವರು ಕಡಿಮೆ ಎಂಬುದು ಅದಕ್ಕೆ ಕಾರಣ. ಈ ಲೇಖನದಲ್ಲಿ ನಾನು 32ನ್ನೇ ಇಟ್ಟುಕೊಳ್ಳುತ್ತೇನೆ.

ಇಂಗ್ಲಿಷಿನ 24 ಹೀಗೆ ಕೂಡುತ್ತದೆ: ಸ್ಪರ್ಶ 6, ಸ್ಪರ್ಶಘರ್ಷ 2, ಘರ್ಷ 9, ಅನುನಾಸಿಕ 3, ಪಾರ್ಶ್ವಿಕ 1, ಉಳಿದ /r/, /j/, /w/ ಸೇರಿ 3. ಉಸಿರನ್ನು ಪೂರ್ತಿ ತಡೆದು ಬಿಡುವುದು ಸ್ಪರ್ಶ, ಕಿರಿದಾದ ಸಂದಿಯಲ್ಲಿ ಉಜ್ಜಿಸಿ ಬಿಡುವುದು ಘರ್ಷ, ತಡೆದು ಆಮೇಲೆ ಉಜ್ಜಿಸಿ ಬಿಡುವುದು ಸ್ಪರ್ಶಘರ್ಷ. ಸಂಖ್ಯೆಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಎರಡು ಭಾಷೆಗಳ ಸ್ವಭಾವವೇ ಕಾಣುತ್ತದೆ. ಕನ್ನಡದಲ್ಲಿ ಸ್ಪರ್ಶಗಳೇ 16, ಘರ್ಷಗಳು ಶ, ಷ, ಸ, ಹ ಎಂಬ ನಾಲ್ಕು. ಇಂಗ್ಲಿಷಿನಲ್ಲಿ ಇದು ತಲೆಕೆಳಗು: ಸ್ಪರ್ಶ ಆರು, ಘರ್ಷ ಒಂಬತ್ತು. ಈ ಒಂದು ವಾಕ್ಯವನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಡಿ, ಉತ್ತರದ ಮೊದಲ ಪ್ಯಾರಾಕ್ಕೆ ಅದು ಸಾಕು.

ಎಚ್ಚರಿಕೆ: ಚ, ಜ ಗಳನ್ನು ನಮ್ಮ ವ್ಯಾಕರಣ ವರ್ಗೀಯ ವ್ಯಂಜನಗಳೊಡನೆ ಇಡುತ್ತದೆ. ಧ್ವನಿವಿಜ್ಞಾನದ ಕೋಷ್ಟಕದಲ್ಲಿ ಅವು ಸ್ಪರ್ಶಘರ್ಷಗಳು. ಎರಡು ಭಾಷೆಗೂ ಒಂದೇ ಅಳತೆ ಬಳಸಬೇಕಾದ್ದರಿಂದ ಇಲ್ಲಿ ಎರಡನೆಯದನ್ನೇ ಅನುಸರಿಸಿ.

3. ಮೂರು ಗುಂಪು ಮಾಡಿ, ಕೂಡಿಸಿ ನೋಡಿ

ಸ್ಥಾನ, ಪ್ರಯತ್ನಗಳ ದೊಡ್ಡ ಕೋಷ್ಟಕವನ್ನು ಎರಡು ಸಲ ಬರೆದರೆ ಹಾಳೆ ಅಲ್ಲಿಗೇ ತುಂಬಿಹೋಗುತ್ತದೆ. ಅದರ ಬದಲು ಈ ಮೂರು ಸಾಲುಗಳನ್ನು ಹಾಳೆಯ ಮಧ್ಯದಲ್ಲಿ ಬರೆಯಿರಿ:

```
ಎರಡರಲ್ಲೂ (13)     : p b k g tʃ dʒ m n s ʃ h l j
ಇಂಗ್ಲಿಷ್ ಮಾತ್ರ (11) : t d f v θ ð z ʒ ŋ w r(ɹ)
ಕನ್ನಡ ಮಾತ್ರ (19)   : pʰ bʱ t̪ t̪ʰ d̪ d̪ʱ ʈ ʈʰ ɖ ɖʱ
                    tʃʰ dʒʱ kʰ gʱ ɳ ʂ ɭ ʋ r
```

13ಕ್ಕೆ 11 ಸೇರಿದರೆ 24, 13ಕ್ಕೆ 19 ಸೇರಿದರೆ 32. ಪರೀಕ್ಷಾ ಕೊಠಡಿಯಲ್ಲಿ ನೆನಪಿನಿಂದ ಬರೆಯುವಾಗ ಒಂದು ಧ್ವನಿ ಬಿಟ್ಟುಹೋಗಿದ್ದರೆ ಈ ಕೂಡಿಕೆ ತಕ್ಷಣ ತೋರಿಸಿಕೊಡುತ್ತದೆ.

ರ ಎರಡು ಕಡೆಯೂ ಇದ್ದು ಸಮಾನ ಗುಂಪಿನಲ್ಲಿ ಯಾಕಿಲ್ಲ ಎಂಬ ಅನುಮಾನ ಬರುತ್ತದೆ. ಕನ್ನಡದ ರ ಕಾರದಲ್ಲಿ ನಾಲಿಗೆಯ ತುದಿ ಮೇಲೆ ತಾಗಿ ಬರುತ್ತದೆ ಅಥವಾ ಕಂಪಿಸುತ್ತದೆ. ಆರ್.ಪಿ.ಯ ಧ್ವನಿಯಲ್ಲಿ ನಾಲಿಗೆ ಎಲ್ಲಿಗೂ ತಾಗುವುದಿಲ್ಲ. ಹಾಗೆ ತಾಗದ ಧ್ವನಿಯ ನಿಖರ ಚಿಹ್ನೆ [ɹ]. ಕಾರ್ ಎಂಬ ಪದದ ಕೊನೆಯಲ್ಲಂತೂ ಆರ್.ಪಿ. ಅದನ್ನು ಉಚ್ಚರಿಸುವುದೂ ಇಲ್ಲ. ನಿಮ್ಮ ಪಠ್ಯ ಇದನ್ನು ಸಮಾನ ಎಂದು ಹಿಡಿದಿದ್ದರೆ 14, 10, 18 ಎಂದು ತಿದ್ದಿಕೊಳ್ಳಿ, ಕೂಡಿಕೆ ಆಗಲೂ ಸರಿಬರುತ್ತದೆ.

ಕಾಫಿ, ಫೋನು, ಆಫೀಸು ಎನ್ನುವಾಗ ಇವತ್ತಿನ ಅನೇಕರು /f/ ಅನ್ನೇ ಆಡುತ್ತಾರೆ, ಕೆಲವರು /z/ ಅನ್ನೂ ಆಡುತ್ತಾರೆ. ಬರಹದಲ್ಲಿ ಫ಼, ಜ಼ ಎಂದು ಚುಕ್ಕೆ ಹಾಕುವುದು ಇದಕ್ಕಾಗಿಯೇ. ಇವನ್ನು "ಎರವಲು ಪದಗಳಲ್ಲಿ ಮಾತ್ರ" ಎಂದು ಅಂಚಿನಲ್ಲಿ ಬರೆದಿಡಿ, ಮುಖ್ಯ ಎಣಿಕೆಗೆ ಸೇರಿಸಬೇಡಿ.

4. ಚಿಹ್ನೆಗಳ ಬಾಲವನ್ನು ಒಮ್ಮೆ ಕೈಯಾರೆ ಬರೆದು ನೋಡಿ

ವಿಷಯ ಗೊತ್ತಿದ್ದೂ ಅಂಕ ಹೋಗುವುದು ಇಲ್ಲಿ. ಮೂರು ಅನುನಾಸಿಕ ಚಿಹ್ನೆಗಳು ಕೈಬರಹದಲ್ಲಿ ಒಂದೇ ರೀತಿ ಕಾಣುತ್ತವೆ. ŋ ದಲ್ಲಿ ಬಲಗಾಲಿನ ಕೊಕ್ಕೆ ಒಳಕ್ಕೆ, ಅಂದರೆ ಎಡಕ್ಕೆ ತಿರುಗುತ್ತದೆ. ɳ ದಲ್ಲಿ ಅದೇ ಬಲಗಾಲಿನ ಕೊಕ್ಕೆ ಹೊರಕ್ಕೆ, ಬಲಕ್ಕೆ ತಿರುಗುತ್ತದೆ. ɲ ದಲ್ಲಿ ಕೊಕ್ಕೆ ಇರುವುದು ಎಡಗಾಲಿಗೆ. ಮೂರ್ಧನ್ಯ ಚಿಹ್ನೆಗಳಿಗೆಲ್ಲ (ʈ ɖ ɳ ɭ ʂ) ಬಾಲ ಬಲಕ್ಕೇ ಹೋಗುತ್ತದೆ ಎಂದು ನೆನಪಿಟ್ಟರೆ ಉಳಿದದ್ದು ಸುಲಭ. ದಂತ್ಯ ತ, ದ ಗಳಿಗೆ ಅಕ್ಷರದ ಕೆಳಗೆ ಪುಟ್ಟ ಆವರಣ ಹಾಕಬೇಕು. ಅದನ್ನು ಬಿಟ್ಟರೆ ನೀವು ಬರೆದದ್ದು ಇಂಗ್ಲಿಷಿನ /t/, /d/ ಆಗಿಬಿಡುತ್ತದೆ.

5. ಹಲ್ಲು ಮತ್ತು ಅಂಗುಳದ ನಡುವಿನ ಜಾಗಕ್ಕೆ ದೊಡ್ಡ ಚೌಕ ಬಿಡಿ

ಎರಡು ಭಾಷೆಗಳು ನಿಜವಾಗಿ ಬೇರೆಯಾಗುವುದು ಇಲ್ಲಿ. ಹಾಳೆಯ ಕಾಲು ಭಾಗವನ್ನು ಇದಕ್ಕೇ ಮೀಸಲಿಡಿ.

ಕನ್ನಡ ಇಲ್ಲಿ ಎರಡು ಸ್ಪರ್ಶ ಸ್ಥಾನಗಳನ್ನು ಬಳಸುತ್ತದೆ. ತ, ದ ಗಳಿಗೆ ನಾಲಿಗೆ ಮೇಲುಹಲ್ಲಿನ ಹಿಂಬದಿಗೆ ತಾಗುತ್ತದೆ. ಟ, ಡ ಗಳಿಗೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ಇಂಗ್ಲಿಷಿನ /t/, /d/ ಈ ಎರಡರ ನಡುವೆ, ಹಲ್ಲಿನ ಬುಡದ ದಿಂಡಿನ ಮೇಲೆ ಹುಟ್ಟುತ್ತವೆ. ಆ ದಿಂಡಿಗೆ ವರ್ತ್ಸ ಎಂದು ಹೆಸರು, ಧ್ವನಿಗೆ ವರ್ತ್ಸ್ಯ ಎಂದು. ಹಲ್ಲಿನ ಸ್ಥಾನವನ್ನು ಇಂಗ್ಲಿಷ್ ಸ್ಪರ್ಶಕ್ಕೆ ಬಳಸದೆ /θ/, /ð/ ಎಂಬ ಎರಡು ಘರ್ಷಗಳಿಗೆ ಕೊಟ್ಟಿದೆ.

ಇನ್ನು ಒಂದು ಜೋಡಿಯನ್ನು ಪೂರ್ತಿ ಬಿಡಿಸಿ ನೋಡೋಣ. ಡಬ್ಬಿ ಎಂಬ ಅರ್ಥದ /tɪn/, ತೆಳುವಾದ ಎಂಬ ಅರ್ಥದ /θɪn/. ಕನ್ನಡ ಮನೆಮಾತಿನವರು ಮೊದಲನೆಯದನ್ನು ಟ ದಿಂದ ಆರಂಭಿಸುತ್ತಾರೆ: [ʈɪn]. ಟೇಬಲ್, ಟಿಕೆಟ್, ಡಾಕ್ಟರ್ ಎಂದು ಎರವಲು ಪದಗಳನ್ನು ಬರೆಯುವಾಗಲೂ ನಾವು ಟ, ಡ ಗಳನ್ನೇ ಆರಿಸಿಕೊಂಡಿದ್ದೇವೆ. ಎರಡನೆಯದಕ್ಕೆ ಘರ್ಷ ಇಲ್ಲದ್ದರಿಂದ ಅದೇ ಸ್ಥಾನದ ಸ್ಪರ್ಶ ಬರುತ್ತದೆ: [t̪ɪn] ಅಥವಾ ಮಹಾಪ್ರಾಣ ಸೇರಿಸಿ [t̪ʰɪn].

ಇಲ್ಲಿ ನಿಂತು ಯೋಚಿಸಿ. ಎರಡು ಧ್ವನಿಗಳೂ ಬದಲಾದವು. ಆದರೂ ಎರಡು ಪದಗಳು ಒಂದೇ ಆಗಲಿಲ್ಲ. ಇಂಗ್ಲಿಷ್ ಸ್ಪರ್ಶ ಮತ್ತು ಘರ್ಷದ ನಡುವೆ ಮುಖ್ಯವಾಗಿ ತೋರಿಸುವ ವ್ಯತ್ಯಾಸವನ್ನು ಕನ್ನಡಿಗರು ಮೂರ್ಧನ್ಯ ಮತ್ತು ದಂತ್ಯ ಸ್ಥಾನಗಳ ನಡುವಿನ ವ್ಯತ್ಯಾಸವಾಗಿ ಮಾರ್ಪಡಿಸಿ ಉಳಿಸಿಕೊಂಡಿದ್ದಾರೆ. ಗುಹೆ ಎಂಬ ಅರ್ಥದ /den/, ಆಮೇಲೆ ಎಂಬ ಅರ್ಥದ /ðen/ ಜೋಡಿಯಲ್ಲೂ ಡ, ದ ಹಿಡಿದು ಇದೇ ನಡೆಯುತ್ತದೆ. "ಕನ್ನಡಿಗರಿಗೆ ಈ ಪದಗಳ ವ್ಯತ್ಯಾಸ ಗೊತ್ತಾಗುವುದಿಲ್ಲ" ಎಂದು ಬರೆದರೆ ತಪ್ಪು. ಉಚ್ಚಾರಣೆ ಬೇರೆ, ವ್ಯತ್ಯಾಸ ಭದ್ರ ಎಂದು ಬರೆಯಬೇಕು.

ಎಚ್ಚರಿಕೆ: ಥ ಅಕ್ಷರ ಕಂಡ ಕೂಡಲೇ /θ/ ಎಂದು ಸಮೀಕರಿಸಬೇಡಿ. ಥ ಮಹಾಪ್ರಾಣ ಸ್ಪರ್ಶ, /θ/ ಘರ್ಷ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ನೋಡಿ: ಥ ಎಂದಾಗ ಉಸಿರು ಒಂದೇ ಸಲಕ್ಕೆ ಬಡಿಯುತ್ತದೆ, ಎಳೆದು ಹೇಳಲು ಆಗುವುದಿಲ್ಲ. /θ/ ಅನ್ನು ಉಸಿರು ಇರುವಷ್ಟು ಹೊತ್ತು ಎಳೆಯಬಹುದು. ಫ ಮತ್ತು /f/ ಗೂ ಇದೇ ಪರೀಕ್ಷೆ.

6. ಪ್ರತಿ ಬದಲಿಗೂ "ಉಳಿಯಿತು" ಅಥವಾ "ಅಳಿಯಿತು" ಎಂದು ಗುರುತು ಹಾಕಿ

ಎರಡನೇ ಬಣ್ಣದ ಪೆನ್ನು ಈಗ ಬೇಕು. ಇಂಗ್ಲಿಷಿಗೆ ಮಾತ್ರ ಸೇರಿದ ಹನ್ನೊಂದು ಧ್ವನಿಗಳನ್ನು ಒಂದೊಂದಾಗಿ ಹಿಡಿದು, ಕನ್ನಡಿಗರು ಅದರ ಬದಲು ಏನನ್ನು ಹಾಕುತ್ತಾರೆ, ಹಾಕಿದಾಗ ಯಾವ ಕನಿಷ್ಠ ಜೋಡಿ ಒಂದಾಗುತ್ತದೆ ಎಂದು ಕೇಳುತ್ತ ಹೋಗಿ. ವ್ಯತ್ಯಾಸ ಉಳಿಯುವುದಕ್ಕೆ ಒಂದು ಬಣ್ಣ, ಅಳಿಯುವುದಕ್ಕೆ ಇನ್ನೊಂದು.

/t/, /d/, /θ/, /ð/ ನಾಲ್ಕೂ ಉಳಿಯುವ ಗುಂಪಿಗೆ ಬಂದವು. /r/ ಕೂಡ ಹಾಗೆಯೇ, ಕೇಳಲು ಬೇರೆ, ಯಾವ ಪದದೊಡನೆಯೂ ಬೆರೆಯುವುದಿಲ್ಲ. /ŋ/ ಸ್ವಲ್ಪ ಗಮನ ಬೇಡುತ್ತದೆ. ಕನ್ನಡದಲ್ಲಿ [ŋ] ಇದೆ, ಆದರೆ ಅದರ ಮುಂದೆಯೇ ಕವರ್ಗದ ವ್ಯಂಜನ ಬರಲೇಬೇಕು. ಇಂಗ್ಲಿಷಿನಲ್ಲಿ ಅದು ಒಂಟಿಯಾಗಿ ಪದದ ಕೊನೆಗೆ ನಿಲ್ಲುತ್ತದೆ: ಪಾಪ ಎಂಬ /sɪn/, ಹಾಡು ಎಂಬ /sɪŋ/. ಕನ್ನಡಿಗರು ಎರಡನೆಯದಕ್ಕೆ ಗ ಸೇರಿಸಿ [sɪŋg] ಎನ್ನುತ್ತಾರೆ. ಒಂದು ಧ್ವನಿ ಹೆಚ್ಚಾಯಿತು, ಜೋಡಿ ಮಾತ್ರ ಬೇರೆಯಾಗಿಯೇ ಉಳಿಯಿತು.

ಅಳಿಯುವ ಗುಂಪಿನಲ್ಲಿ ಮೊದಲ ಸ್ಥಾನ /v/, /w/ ಗಳದು. ಕನ್ನಡದ ವ ಎರಡರ ನಡುವಿನದು. ಕೆಳತುಟಿ ಹಲ್ಲಿನ ಹತ್ತಿರ ಬರುತ್ತದೆ, ಉಜ್ಜುವುದಿಲ್ಲ, ತುಟಿ ದುಂಡಗೂ ಆಗುವುದಿಲ್ಲ. ಅದರ ಚಿಹ್ನೆ /ʋ/. ಇಂಗ್ಲಿಷಿನ ಎರಡೂ ಧ್ವನಿಗಳು ಈ ಒಂದರೊಳಗೆ ಬಿದ್ದಾಗ ಬಳ್ಳಿ ಎಂಬ /vaɪn/, ದ್ರಾಕ್ಷಿ ಮದ್ಯ ಎಂಬ /waɪn/ ಒಂದೇ ಆಗುತ್ತವೆ. /z/ ಬದಲು ಜ ಹಾಕಿದರೆ ಹುರುಪು ಎಂಬ /zest/, ತಮಾಷೆ ಎಂಬ /dʒest/ ಬೆರೆಯುತ್ತವೆ. /ʒ/ ಗೂ ಜ ಅಥವಾ ಶ ಬರುತ್ತದೆ. ಅದಕ್ಕೆ ಕನಿಷ್ಠ ಜೋಡಿಗಳೇ ವಿರಳವಾದ್ದರಿಂದ ಒಂದು ಸಾಲು ಸಾಕು. /f/ ಆಡದವರು ಫ ಅಥವಾ ಪ ಎಂದಾಗ ಬೀಸಣಿಗೆಯ /fæn/, ಬಾಣಲೆಯ /pæn/ ಆಗಿ ಇಂಗ್ಲಿಷರ ಕಿವಿಗೆ ಕೇಳಿಸಬಹುದು.

7. ಮಹಾಪ್ರಾಣವನ್ನು ಬೇರೆ ಚೌಕದಲ್ಲಿ ಬರೆಯಿರಿ

ದನ, ಧನ ಎಂಬ ಜೋಡಿ ಶಿಷ್ಟ ಕನ್ನಡದಲ್ಲಿ ಮಹಾಪ್ರಾಣ ಧ್ವನಿಮಾ ಎಂದು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಮಹಾಪ್ರಾಣ ಇಲ್ಲ ಎಂದು ಬರೆಯಬೇಡಿ, ಅದು ಇದೆ. ಗುಂಡುಸೂಜಿಯ /pɪn/ ಬಾಯಲ್ಲಿ [pʰɪn] ಆಗುತ್ತದೆ. ತಿರುಗು ಎಂಬ /spɪn/ ನಲ್ಲಿ /s/ ಹಿಂದೆ ಇರುವುದರಿಂದ [p] ಆಗಿಯೇ ಉಳಿಯುತ್ತದೆ. ಎಲ್ಲಿ ಯಾವುದು ಬರುತ್ತದೆ ಎಂಬುದು ಸಂದರ್ಭದಿಂದಲೇ ತೀರ್ಮಾನವಾಗುವುದರಿಂದ ಅವೆರಡು ಒಂದೇ ಧ್ವನಿಮಾದ ಉಪಧ್ವನಿಗಳು. ಒಂದೇ ಧ್ವನಿವ್ಯತ್ಯಾಸಕ್ಕೆ ಒಂದು ಭಾಷೆಯಲ್ಲಿ ಅರ್ಥ ಬದಲಿಸುವ ಕೆಲಸ, ಇನ್ನೊಂದರಲ್ಲಿ ಆ ಕೆಲಸವಿಲ್ಲ.

ಇದರ ಪರಿಣಾಮವೂ ಹಾಳೆಯಲ್ಲಿರಲಿ. ಕನ್ನಡಿಗರು ಪದಾದಿಯ /p/ ಅನ್ನು ಅಲ್ಪಪ್ರಾಣ ಪ ಆಗಿ ಆಡುತ್ತಾರೆ. ಪದದ ಮೊದಲಲ್ಲಿ ಆ ಉಸಿರನ್ನೇ ಗುರುತಾಗಿ ಹಿಡಿಯುವ ಇಂಗ್ಲಿಷರಿಗೆ ಅದು ಕೆಲವೊಮ್ಮೆ /b/ ಎಂದು ಕೇಳಿಸುತ್ತದೆ. ಸಮಾನ ಎಂದು ನಾವು ಬರೆದ ಹದಿಮೂರರೊಳಗೂ ತೊಡಕು ಇರಬಹುದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

8. ಉಳಿದ ಅಂಚಿನಲ್ಲಿ ಧ್ವನಿಗಳು ಬರುವ ಜಾಗ

ಧ್ವನಿ ಇದ್ದರೆ ಸಾಲದು, ಪದದ ಯಾವ ಜಾಗದಲ್ಲಿ ಬರಬಹುದು ಎಂಬುದೂ ಹೋಲಿಕೆಯ ಭಾಗ. ಇಂಗ್ಲಿಷಿನಲ್ಲಿ /ŋ/ ಪದದ ಮೊದಲಿಗೆ ಬರುವುದಿಲ್ಲ, /h/ ಕೊನೆಗೆ ಬರುವುದಿಲ್ಲ. ಕನ್ನಡದಲ್ಲಿ ಣ, ಳ ಪದದ ಮೊದಲಿಗೆ ಬರುವುದಿಲ್ಲ, ಅಚ್ಚಗನ್ನಡ ಪದಗಳು ಸ್ವರದಲ್ಲೇ ಮುಗಿಯುತ್ತವೆ. ಬಸ್ಸು, ಕಾರು, ಲೈಟು ಎಂದು ನಾವು ಉ ಸೇರಿಸುವುದು ಅದಕ್ಕೇ. ಕತೆ, ಕತ್ತೆ ಎಂಬ ಜೋಡಿಯನ್ನೂ ಇಲ್ಲೇ ಬರೆಯಿರಿ: ಕನ್ನಡದಲ್ಲಿ ದ್ವಿತ್ವ ಅರ್ಥ ಬದಲಿಸುತ್ತದೆ, ಇಂಗ್ಲಿಷ್ ಬರಹದಲ್ಲಿ ಪದದೊಳಗೆ ಕಾಣುವ ಜೋಡಿ ಅಕ್ಷರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ಧ್ವನಿ.

ಇನ್ನೊಂದು ದಿಕ್ಕಿಗೂ ಎರಡು ಸಾಲು ಬಿಡಿ, ಪ್ರಶ್ನೆ ಆ ಕಡೆಯಿಂದಲೂ ಬರುತ್ತದೆ. ಇಂಗ್ಲಿಷ್ ಮನೆಮಾತಿನವರು ಕನ್ನಡ ಕಲಿಯುವಾಗ ತ, ಟ ಎರಡೂ ಅವರ ಒಂದೇ /t/ ಗೆ, ದ, ಡ ಎರಡೂ ಒಂದೇ /d/ ಗೆ ಬೀಳುತ್ತವೆ. ಒದೆ, ಒಡೆ ಒಂದಾಗುತ್ತವೆ. ಹುಲಿ, ಹುಳಿ ಒಂದಾಗುತ್ತವೆ. ಮನೆ, ಮಣೆ ಒಂದಾಗುತ್ತವೆ. ಬೆಲ್ ಎಂಬ ಪದದ ಕೊನೆಗೆ ಬರುವ ಇಂಗ್ಲಿಷಿನ ದಪ್ಪ ಲ ಕಾರವನ್ನು ನಮ್ಮ ಳ ಎಂದು ಬರೆಯುವ ತಪ್ಪು ಮಾಡಬೇಡಿ. ಅದರಲ್ಲಿ ನಾಲಿಗೆಯ ತುದಿ ದಿಂಡಿನ ಮೇಲೆಯೇ ಇದ್ದು ಹಿಂಭಾಗ ಏಳುತ್ತದೆ, ತುದಿ ಹಿಂದಕ್ಕೆ ಮಡಚುವುದಿಲ್ಲ. ಅದು /l/ ನ ಉಪಧ್ವನಿ ಅಷ್ಟೇ.

9. ಹಾಳೆ ಮುಚ್ಚಿ ಮತ್ತೆ ಬರೆಯಿರಿ

ಹಾಳೆಯನ್ನು ಓದುತ್ತ ಕೂತರೆ ಎಲ್ಲ ಗೊತ್ತಿದೆ ಎನಿಸುತ್ತದೆ. ಅದನ್ನು ಮಗುಚಿಟ್ಟು ಖಾಲಿ ಹಾಳೆಯಲ್ಲಿ ಮೊದಲು ಮೂರು ಗುಂಪು ಬರೆಯಿರಿ, ಕೂಡಿಸಿ 24 ಮತ್ತು 32 ಬಂತೇ ನೋಡಿ. ಕಡಿಮೆ ಬಂದರೆ ಹೆಚ್ಚಾಗಿ ಬಿಟ್ಟಿರುವುದು /ʒ/ ಅಥವಾ /ŋ/. ಕನ್ನಡದ ಕಡೆಯಾದರೆ ಚವರ್ಗದ ಮಹಾಪ್ರಾಣಗಳು ಅಥವಾ ಷ. ಆಮೇಲೆ ಹನ್ನೊಂದು ಇಂಗ್ಲಿಷ್ ಧ್ವನಿಗಳಿಗೂ ಕನ್ನಡದ ಬದಲಿ, ಒಂದು ಉದಾಹರಣೆ, ಉಳಿಯಿತು ಅಥವಾ ಅಳಿಯಿತು ಎಂಬ ತೀರ್ಪು ಬರೆಯಿರಿ. ತಡವರಿಸಿದ ಸಾಲುಗಳನ್ನಷ್ಟೇ ಮೂಲ ಹಾಳೆಯಲ್ಲಿ ಸುತ್ತುಹಾಕಿ. ಪರೀಕ್ಷೆಯ ಬೆಳಿಗ್ಗೆ ನೋಡಬೇಕಾದದ್ದು ಆ ಸುತ್ತುಗಳನ್ನು ಮಾತ್ರ.